ಚಪ್ಪಲಿ, ಶೂ ಕ್ಯಾಟಲಾಗ್ ಫೋಟೋ: ಎಡ ಬಲ ಅದಲುಬದಲಾಗದೆ, ಹೊಲಿಗೆ ಎದ್ದು ಕಾಣುವಂತೆ ತೆಗೆಯುವುದು ಹೇಗೆ

ಚಪ್ಪಲಿ ಅಂಗಡಿ ಇಟ್ಟಿರುವ ಗೆಳೆಯರು ಕ್ಯಾಟಲಾಗ್‌ಗೆ ಅಂತ ತೆಗೆದ ಫೋಟೋ ಕಳಿಸಿ, "ಏನೋ ಸರಿ ಇಲ್ಲ, ಆದ್ರೆ ಏನು ಅಂತ ಗೊತ್ತಾಗ್ತಿಲ್ಲ" ಅನ್ನುತ್ತಾರೆ. ತೆರೆದು ನೋಡಿದರೆ ಬಹುತೇಕ ಅದೇ ಮೂರು ತಪ್ಪು. ಎಡಗಾಲಿನದು ಬಲಗಾಲಿನ ಜಾಗದಲ್ಲಿ ಕೂತಿರುತ್ತದೆ. ಒಂದು ಜೇನಿನ ಬಣ್ಣ, ಇನ್ನೊಂದು ಬೆಲ್ಲದ ಬಣ್ಣ. ಹೊಲಿಗೆ ಇರಬೇಕಾದ ಕಡೆ ಸುಮ್ನೆ ಕಪ್ಪು ಬಳಿದ ಹಾಗಿರುತ್ತದೆ. ಹೊಸ ಕ್ಯಾಮೆರಾ ಕೊಂಡರೆ ಇವು ಯಾವುವೂ ಸರಿಹೋಗುವುದಿಲ್ಲ. ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡಿದ್ದರಿಂದ ಆದ ತಪ್ಪುಗಳು ಇವು.

ಉದಾಹರಣೆಗೆ ಎರಡು ಜೋಡಿ ಇಟ್ಟುಕೊಳ್ಳೋಣ. ಒಂದು ಅಥಣಿ, ನಿಪ್ಪಾಣಿ ಕಡೆ ಕೈಯಲ್ಲಿ ಹೊಲಿಯುವ ಕೊಲ್ಹಾಪುರಿ ಚಪ್ಪಲಿ. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಬಂದ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಇನ್ನೊಂದು ಆಫೀಸಿಗೆ ಹಾಕುವ ಕಪ್ಪು ಲೇಸ್ ಶೂ, ಮುಂಭಾಗದಲ್ಲಿ ಅಡ್ಡ ಹೊಲಿಗೆ ಇರುವಂಥದ್ದು. ಮೊದಲನೆಯದರಲ್ಲಿ ಎಡ ಬಲ ಗುರುತಿಸುವುದು ಕಷ್ಟ, ಎರಡನೆಯದರಲ್ಲಿ ಹೊಲಿಗೆ ತೋರಿಸುವುದು ಕಷ್ಟ. ಈ ಎರಡು ಕೈಗೆ ಬಂದರೆ ಅಂಗಡಿಯ ಉಳಿದ ಮಾಲು ಕಷ್ಟವಾಗುವುದಿಲ್ಲ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಒಂದು ಟ್ರೈಪಾಡ್ ಬೇಕೇ ಬೇಕು, ಅದರಲ್ಲಿ ರಾಜಿ ಇಲ್ಲ. ಕ್ಯಾಮೆರಾ ಇದ್ದರೆ ಒಳ್ಳೆಯದು, 2x ಅಥವಾ 3x ಲೆನ್ಸ್ ಇರುವ ಫೋನ್ ಇದ್ದರೂ ನಡೆಯುತ್ತದೆ. ಒಂದೇ ತರಹದ ಎರಡು ಎಲ್‌ಇಡಿ ದೀಪ, ಬೆಳಕನ್ನು ಮೆತ್ತಗೆ ಮಾಡಲು ದೊಡ್ಡ ಟ್ರೇಸಿಂಗ್ ಪೇಪರ್ ಹಾಳೆ, ಎರಡು ಬಿಳಿ ಥರ್ಮೋಕೋಲ್ ಹಲಗೆ, ಒಂದು ಕಪ್ಪು ಚಾರ್ಟ್, ಹಿನ್ನೆಲೆಗೆ ಬಿಳಿ ಚಾರ್ಟ್. ಬೆಳಕಿಗೆ ಇಷ್ಟು ಸಾಕು.

ಇದರ ಜೊತೆಗೆ ಜನ ಮರೆಯುವ ಸಣ್ಣ ಸಾಮಾನುಗಳಿವೆ. ಮಾಸ್ಕಿಂಗ್ ಟೇಪ್, ಪೆನ್ಸಿಲ್, ಹಳೇ ಟೂತ್‌ಬ್ರಷ್, ಮೆತ್ತನೆ ಬಟ್ಟೆ, ಒಳಗೆ ತುಂಬಲು ಟಿಶ್ಯೂ ಕಾಗದ, ಮತ್ತೆ ಹಿಂದೆ ಓಎಚ್‌ಪಿ ಶೀಟ್ ಅಂತ ಸಿಗುತ್ತಿದ್ದ ಆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಈಗಲೂ ಜೆರಾಕ್ಸ್ ಅಂಗಡಿಯಲ್ಲಿ ಬೈಂಡಿಂಗ್‌ಗೆ ಇಟ್ಟಿರುತ್ತಾರೆ, ಎರಡು ಹಾಳೆ ಕೇಳಿ ತನ್ನಿ. ಚಪ್ಪಲಿ ಫೋಟೋದ ಅರ್ಧ ಗುಟ್ಟು ಆ ಹಾಳೆಯಲ್ಲಿದೆ, ಮುಂದೆ ಹೇಳುತ್ತೇನೆ.

ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಪರದೆ ಎಳೆಯಿರಿ. ಎರಡು ಬಗೆಯ ಬೆಳಕು ಒಂದೇ ಚರ್ಮದ ಮೇಲೆ ಬಿದ್ದರೆ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ ಆಗುತ್ತದೆ. ಅದನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಸರಿಮಾಡಲು ಕೂತರೆ ಇಡೀ ದಿನ ಹೋಗುತ್ತದೆ.

## ಹಂತ 1: ಜೋಡಿ ನಿಜಕ್ಕೂ ಜೋಡಿಯೇ ಅಂತ ಪರೀಕ್ಷಿಸಿ

ಕ್ಯಾಮೆರಾ ಹೊರಗೆ ತೆಗೆಯುವ ಮೊದಲೇ ಮಾಡಬೇಕಾದ ಕೆಲಸ ಇದು. ಪೆಟ್ಟಿಗೆಯಿಂದ ತೆಗೆದ ಎರಡನ್ನೂ ಹಗಲು ಬೆಳಕಿನಲ್ಲಿ, ನೆರಳಿರುವ ಕಡೆ, ಪಕ್ಕಪಕ್ಕ ಇಡಿ. ಒಳಗಿನ ನಂಬರ್ ಎರಡರಲ್ಲೂ ಒಂದೇ ಇದೆಯಾ ಓದಿ. ಅಂಗಡಿಯಲ್ಲಿ ಗಿರಾಕಿಗಳು ಹಾಕಿ ನೋಡಿ ಬೇರೆ ಪೆಟ್ಟಿಗೆಗೆ ಹಾಕಿರುತ್ತಾರೆ. 7 ಮತ್ತು 8 ನಂಬರಿನವು ಒಂದೇ ಪೆಟ್ಟಿಗೆಯಲ್ಲಿ ಕೂತಿರುವುದು ಹೊಸದೇನಲ್ಲ. ಕಣ್ಣಿಗೆ ತಕ್ಷಣ ಗೊತ್ತಾಗುವುದಿಲ್ಲ, ಫೋಟೋದಲ್ಲಿ ಮಾತ್ರ ಒಂದು ಹತ್ತಿರ ಇದೆಯೇನೋ ಅನ್ನುವ ಹಾಗೆ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಬಣ್ಣ. ಕೊಲ್ಹಾಪುರಿಯ ಚರ್ಮವನ್ನು ತೊಗಟೆ, ಕಾಯಿಗಳಂಥ ಸಸ್ಯ ಸಾಮಗ್ರಿಯಿಂದ ಹದ ಮಾಡುತ್ತಾರೆ. ಮೇಲೆ ದಪ್ಪ ಬಣ್ಣದ ಪದರ ಇರುವುದಿಲ್ಲ, ಹಾಗಾಗಿ ಒಂದೇ ತೊಗಲಿನ ಬೆನ್ನಿನ ಭಾಗ ಒಂದು ಛಾಯೆ, ಹೊಟ್ಟೆಯ ಭಾಗ ಇನ್ನೊಂದು ಛಾಯೆ ಬರಬಹುದು. ಬಿಸಿಲಿಗೆ ಇಟ್ಟರೆ ಇನ್ನೂ ಕಪ್ಪಾಗುತ್ತದೆ. ಗಾಜಿನ ಕಪಾಟಿನಲ್ಲಿ ಒಂದನ್ನು ತಿಂಗಳುಗಟ್ಟಲೆ ಪ್ರದರ್ಶನಕ್ಕೆ ಇಟ್ಟು, ಜೊತೆಯದನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಆ ಎರಡು ಇನ್ನು ಜೋಡಿಯಾಗಿ ಫೋಟೋಗೆ ಬರುವುದಿಲ್ಲ. ಬೇರೆ ಜೋಡಿ ಆರಿಸಿ. ಕಂಪ್ಯೂಟರ್‌ನಲ್ಲಿ ಒಂದರ ಬಣ್ಣ ತಿದ್ದಿ ಹೊಂದಿಸಬೇಡಿ, ಯಾಕೆಂದರೆ ಗಿರಾಕಿಗೆ ಯಾವ ಬಣ್ಣ ಹೋಗುತ್ತದೆ ಅನ್ನುವುದೇ ಆಗ ಸುಳ್ಳಾಗುತ್ತದೆ.

ಕೊನೆಗೆ ಆಕಾರ. ಎರಡನ್ನೂ ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ ಮೇಲಿನಿಂದ ನೋಡಿ. ಮುಂತುದಿ ಒಂದೇ ಗೆರೆಯಲ್ಲಿ ಬರಬೇಕು. ಶೂ ಆದರೆ ಮುಂಭಾಗದ ಅಡ್ಡ ಹೊಲಿಗೆ ಎರಡರಲ್ಲೂ ಒಂದೇ ಎತ್ತರದಲ್ಲಿ ಇರಬೇಕು. ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಇದ್ದರೂ ಫೋಟೋದಲ್ಲಿ ಕಣ್ಣಿಗೆ ಚುಚ್ಚುತ್ತದೆ.

## ಹಂತ 2: ಎಡ ಬಲ ಗುರುತು ಹಾಕಿ

ಗುರುತು ಹಾಕುವಾಗ ಕೈಯಲ್ಲಿ ಹಿಡಿದು ಅಂದಾಜು ಮಾಡಬೇಡಿ. ನೆಲದ ಮೇಲಿಟ್ಟು, ಮುಂತುದಿ ನಿಮ್ಮಿಂದ ಆಚೆಗೆ ತಿರುಗಿಸಿ, ಅದರ ಹಿಂದೆ ನಿಂತು ನೋಡಿ. ಹೆಬ್ಬೆರಳಿನ ಜಾಗ ನಿಮ್ಮ ಬಲಕ್ಕೆ ಇದ್ದರೆ ಅದು ಎಡಗಾಲಿನದು.

ಶೂನಲ್ಲಿ ಇದು ಸುಲಭ. ಹೊರಬದಿ ಉಬ್ಬಿರುತ್ತದೆ, ಒಳಬದಿ ಪಾದದ ಕಮಾನಿನ ಹತ್ತಿರ ಒಳಕ್ಕೆ ಹೋಗಿರುತ್ತದೆ. ಕೊಲ್ಹಾಪುರಿಯಲ್ಲಿ ಅಟ್ಟೆಯನ್ನು ಕೆಲವೊಮ್ಮೆ ಹೆಚ್ಚುಕಡಿಮೆ ನೇರವಾಗಿಯೇ ಕತ್ತರಿಸಿರುತ್ತಾರೆ, ಹೊಸದರಲ್ಲಂತೂ ಪಾದದ ಅಚ್ಚೂ ಬಿದ್ದಿರುವುದಿಲ್ಲ. ಅಲ್ಲಿ ಅಟ್ಟೆಯ ಆಕಾರ ಬಿಟ್ಟು ಹೆಬ್ಬೆರಳಿನ ಉಂಗುರ ನೋಡಿ. ಅದು ಚಪ್ಪಲಿಯ ನಟ್ಟನಡುವೆ ಇರುವುದಿಲ್ಲ, ಒಳಬದಿಗೆ ಸರಿದಿರುತ್ತದೆ. ಎಡಗಾಲಿನದರಲ್ಲಿ ಉಂಗುರ ಬಲಕ್ಕೆ, ಬಲಗಾಲಿನದರಲ್ಲಿ ಎಡಕ್ಕೆ. ಆಗಲೂ ಅನುಮಾನ ಇದ್ದರೆ ಹಾಕಿಕೊಂಡು ನೋಡಿ. ಕಾಲಿಗೆ ಗೊತ್ತಾಗುವಷ್ಟು ಕಣ್ಣಿಗೆ ಗೊತ್ತಾಗಲ್ಲ.

ಗೊತ್ತಾದ ತಕ್ಷಣ ಮಾಸ್ಕಿಂಗ್ ಟೇಪಿನ ಸಣ್ಣ ಚೂರಿನ ಮೇಲೆ 'ಎ' ಅಥವಾ 'ಬ' ಬರೆದು ಅಟ್ಟೆಯ ಕೆಳಗೆ ಅಂಟಿಸಿ. ಮೇಲ್ಭಾಗದ ಚರ್ಮಕ್ಕೆ ಬೇಡ, ಟೇಪ್ ಕಿತ್ತಾಗ ಮೆರುಗೂ ಎದ್ದು ಬರಬಹುದು. ಫೋಟೋ ಫೈಲಿನ ಹೆಸರಿನಲ್ಲೂ ಇದೇ ಗುರುತು ಇರಲಿ, ಎಡಕ್ಕೆ L, ಬಲಕ್ಕೆ R:

```
KOL-TAN-08_L_out.jpg
KOL-TAN-08_R_stitch.jpg
KOL-TAN-08_pair_front.jpg
```

ಇದೆಲ್ಲ ಅತಿಯಾಯ್ತು ಅನ್ನಿಸಬಹುದು. ಒಂದು ಸಲ ನಾನು ಒಂದೇ ಬೈಠಕ್‌ನಲ್ಲಿ ಹದಿನೆಂಟು ಜೋಡಿ ಕೊಲ್ಹಾಪುರಿ ತೆಗೆದು, ಮೂರು ಜೋಡಿಯಲ್ಲಿ ಎಡ ಬಲ ಅದಲುಬದಲಾಗಿ, ಯಾವ ಮೂರು ಅಂತ ಹುಡುಕಲು ಹದಿನೆಂಟನ್ನೂ ಮತ್ತೆ ಬಿಚ್ಚಿ ನೋಡಬೇಕಾಯಿತು. ಅವತ್ತಿನಿಂದ ಟೇಪ್ ಅಂಟಿಸದೆ ಒಂದೂ ಚಪ್ಪಲಿ ನನ್ನ ಮೇಜು ಹತ್ತಿಲ್ಲ.

## ಹಂತ 3: ಶುಚಿ ಮಾಡಿ, ಆಕಾರ ಕೊಡಿ

ಕಪ್ಪು ಶೂಗೆ ಪಾಲಿಶ್ ಹಾಕಿದರೆ ಚೆನ್ನಾಗಿ ಕಾಣುತ್ತದೆ ಅಂತ ಜನ ಬಳಿದೇ ಬಳಿಯುತ್ತಾರೆ. ಆ ಪಾಲಿಶ್ ಹೋಗಿ ಹೊಲಿಗೆಯ ತೂತುಗಳಲ್ಲಿ, ದಾರದ ಪಕ್ಕದ ಸಂದಿನಲ್ಲಿ ಕೂರುತ್ತದೆ. ಒಣಗಿದ ಮೇಲೆ ಬಿಳಿ ಪುಡಿಯ ಹಾಗೆ ಕಾಣುತ್ತದೆ, ಇಲ್ಲವೆಂದರೆ ಸಂದು ತುಂಬಿ ಹೊಲಿಗೆಯೇ ಮಾಯವಾಗುತ್ತದೆ. ಪಾಲಿಶ್ ತೆಳ್ಳಗೆ ಹಾಕಿ, ಒಣಗಿದ ಮೇಲೆ ಟೂತ್‌ಬ್ರಷ್‌ನಿಂದ ಹೊಲಿಗೆಯ ಸಾಲಿನ ಉದ್ದಕ್ಕೂ ಉಜ್ಜಿ. ಅಡ್ಡಕ್ಕೆ ಉಜ್ಜಿದರೆ ದಾರದ ಎಳೆ ಎದ್ದು ನಿಲ್ಲುತ್ತದೆ. ಕೊಲ್ಹಾಪುರಿಗೆ ನೀರು, ಪಾಲಿಶ್ ಎರಡೂ ಬೇಡ. ಒಣ ಬ್ರಷ್ ಸಾಕು. ಒದ್ದೆ ಬಟ್ಟೆ ತಾಗಿದ ಕಡೆ ಕಲೆ ಕೂತರೆ ಆ ಜೋಡಿ ಕೆಲಸಕ್ಕೆ ಬರುವುದಿಲ್ಲ.

ಶೂ ಒಳಗೆ ಮುಂತುದಿಯವರೆಗೂ ಟಿಶ್ಯೂ ತುಂಬಿ, ಆದರೆ ಉಬ್ಬುವಷ್ಟು ಬೇಡ. ಎರಡಕ್ಕೂ ಎಣಿಸಿ ಒಂದೇ ಸಂಖ್ಯೆಯ ಕಾಗದ ಹಾಕುತ್ತೇನೆ ನಾನು, ಒಂದು ದಪ್ಪ ಒಂದು ಸಣ್ಣ ಆಗಬಾರದಲ್ವಾ. ಲೇಸ್ ಬಿಚ್ಚಿ, ಇಸ್ತ್ರಿ ಮಾಡಿ, ಮತ್ತೆ ಪೋಣಿಸಿ. ಅಡ್ಡ ಪಟ್ಟಿಗಳು ನೇರವಾಗಿ ಕಾಣುವ ಹಾಗೆ ಪೋಣಿಸಿದರೆ ಎರಡೂ ಒಂದೇ ತರಹ ಕಾಣುತ್ತವೆ. ಕತ್ತರಿಯ ಹಾಗೆ ಪೋಣಿಸುವುದಾದರೆ ಎರಡರಲ್ಲೂ ಹೊರಬದಿಯಿಂದ ಬಂದ ಎಳೆಯೇ ಮೇಲಿರಲಿ. ತುದಿಗಳನ್ನು ಒಳಗೆ ಸೇರಿಸಿಬಿಡಿ.

ಚಪ್ಪಲಿಯ ತೊಂದರೆ ಬೇರೆ. ಕಾಲು ಇಲ್ಲದಿದ್ದಾಗ ಪಟ್ಟಿ ಕುಸಿಯುತ್ತದೆ, ಒಂದು ಎತ್ತರ ಇನ್ನೊಂದು ತಗ್ಗು. ಇಲ್ಲಿ ಆ ಪಾರದರ್ಶಕ ಹಾಳೆ ಕೆಲಸಕ್ಕೆ ಬರುತ್ತದೆ. ಪಟ್ಟಿಯ ಅಗಲಕ್ಕಿಂತ ಒಂದು ಸೆಂಟಿಮೀಟರ್ ಕಮ್ಮಿ ಇರುವ ತುಂಡು ಕತ್ತರಿಸಿ, ಕಮಾನಿನ ಹಾಗೆ ಬಾಗಿಸಿ ಪಟ್ಟಿಯ ಕೆಳಗೆ ತೂರಿಸಿ. ಹಾಳೆ ತಾನೇ ಬಿಚ್ಚಿಕೊಳ್ಳಲು ಹೋಗಿ ಪಟ್ಟಿಯನ್ನು ಮೇಲೆತ್ತಿ ಹಿಡಿಯುತ್ತದೆ. ಎರಡು ಚಪ್ಪಲಿಗೂ ಅಳತೆ ಮಾಡಿ ಒಂದೇ ಉದ್ದದ ತುಂಡು ಹಾಕಿದರೆ ಪಟ್ಟಿಯ ಎತ್ತರವೂ ತಾನಾಗಿ ಸಮ ಬರುತ್ತದೆ. ಅಂಚು ಹೊರಗೆ ಇಣುಕಿದರೆ ಮಿಂಚುತ್ತದೆ, ಅದೊಂದು ನೋಡಿಕೊಳ್ಳಿ.

## ಹಂತ 4: ಜಾಗ ಕಟ್ಟಿ, ದೂರ ನಿಗದಿ ಮಾಡಿ

ಕ್ಯಾಮೆರಾ ಶೂನಿಂದ ಸುಮಾರು ಒಂದೂವರೆ ಮೀಟರ್ ದೂರ ಇರಲಿ, ಜೂಮ್ ಮಾಡಿ ಫ್ರೇಮ್ ತುಂಬಿಸಿ. ಹತ್ತಿರ ಹೋಗಿ ಫೋನಿನ ಸಾಮಾನ್ಯ 1x ಲೆನ್ಸಿನಲ್ಲಿ ತೆಗೆದರೆ ಮುಂತುದಿ ದೋಣಿಯಷ್ಟು, ಹಿಮ್ಮಡಿ ಮಗುವಿನ ಶೂನಷ್ಟು ಆಗುತ್ತದೆ. ಜೋಡಿ ಫೋಟೋದಲ್ಲಿ ಇದು ಇನ್ನೂ ಕೆಟ್ಟದು, ಮುಂದಿರುವ ಶೂ ಹಿಂದಿನದಕ್ಕಿಂತ ಒಂದು ನಂಬರ್ ದೊಡ್ಡದು ಅನ್ನಿಸುತ್ತದೆ. ಕ್ಯಾಮೆರಾ ಆದರೆ 50 ರಿಂದ 100 ಮಿಲಿಮೀಟರ್ ನಡುವಿನ ಲೆನ್ಸ್ ಹಾಕಿ. ಫೋನಿನಲ್ಲಿ ಪೋರ್ಟ್ರೇಟ್ ಮೋಡ್ ಬೇಡ, ಅದು ಹಿಮ್ಮಡಿಯ ಅಂಚನ್ನೂ ಲೇಸನ್ನೂ ಹಿನ್ನೆಲೆ ಅಂತ ತಿಳಿದು ಮಸುಕು ಮಾಡುತ್ತದೆ. ಸೆಲ್ಫಿ ಕ್ಯಾಮೆರಾ ಬೇಡವೇ ಬೇಡ, ಎಷ್ಟೋ ಫೋನುಗಳು ಅದರಲ್ಲಿ ತೆಗೆದದ್ದನ್ನು ಕನ್ನಡಿಯ ಹಾಗೆ ತಿರುಗಿಸಿ ಉಳಿಸುತ್ತವೆ. ಎಡ ಬಲ ಅಲ್ಲೇ ಕೆಟ್ಟಿತು.

ಬಿಳಿ ಚಾರ್ಟಿನ ಮೇಲೆ ಪೆನ್ಸಿಲ್‌ನಲ್ಲಿ ತೆಳುವಾಗಿ ಹಿಮ್ಮಡಿ ನಿಲ್ಲುವ ಜಾಗ ಗುರುತು ಮಾಡಿ. ಟ್ರೈಪಾಡಿನ ಮೂರು ಕಾಲಿಗೂ ನೆಲದ ಮೇಲೆ ಟೇಪ್ ಹಾಕಿ. ಇಷ್ಟು ಮಾಡಿದರೆ ನಾಳೆ ಬರುವ ಹೊಸ ಜೋಡಿಯೂ ಇವತ್ತಿನ ಜೋಡಿಯ ಗಾತ್ರದಲ್ಲೇ, ಅದೇ ಕೋನದಲ್ಲೇ ಬರುತ್ತದೆ. ಕ್ಯಾಟಲಾಗ್ ಪುಟದಲ್ಲಿ ಎಲ್ಲ ಶೂ ಒಂದೇ ಗೆರೆಯ ಮೇಲೆ ನಿಂತ ಹಾಗೆ ಕಾಣುವುದು ಇದರಿಂದಲೇ.

## ಹಂತ 5: ಯಾವ ಕಾಲಿನದು ಯಾವ ಕಡೆ

ಜನ ಜಾಸ್ತಿ ಎಡವುವುದು ಇಲ್ಲಿ, ಅದಕ್ಕೆ ನಿಧಾನವಾಗಿ ಓದಿ. ನೆನಪಿಡಲು ಒಂದೇ ಉಪಾಯ: ಆ ಚಪ್ಪಲಿಯಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ ಅಂದುಕೊಳ್ಳಿ.

ಅವನು ನಿಮಗೆ ಬೆನ್ನು ಹಾಕಿ ನಿಂತಿದ್ದರೆ, ಅಂದರೆ ಮುಂತುದಿ ಕ್ಯಾಮೆರಾದಿಂದ ಆಚೆಗಿದ್ದರೆ, ಎಡಗಾಲಿನದು ಚಿತ್ರದ ಎಡಕ್ಕೆ ಬರುತ್ತದೆ. ಇದರಲ್ಲಿ ಯಾರೂ ತಪ್ಪುವುದಿಲ್ಲ. ಅವನು ನಿಮ್ಮ ಕಡೆ ಮುಖ ಮಾಡಿದರೆ ಅವನ ಎಡಗಾಲು ನಿಮ್ಮ ಬಲಕ್ಕೆ ಬರಬೇಕು. ಮುಂತುದಿ ಕ್ಯಾಮೆರಾ ಕಡೆಗಿರುವ ಫೋಟೋದಲ್ಲಿ 'ಎ' ಚೀಟಿಯದು ಚಿತ್ರದ ಬಲಕ್ಕೆ. ನಮ್ಮ ಕೈ ಮಾತ್ರ ಅಭ್ಯಾಸಬಲದಿಂದ ಎಡದ್ದನ್ನು ಎಡಕ್ಕೇ ಇಡುತ್ತದೆ.

ಇಟ್ಟದ್ದು ತಪ್ಪೋ ಸರಿಯೋ ಅನ್ನಲು ಒಂದು ಗುರುತಿದೆ. ಸರಿಯಾಗಿ ಇಟ್ಟ ಜೋಡಿಯಲ್ಲಿ ಹೆಬ್ಬೆರಳಿನ ಬದಿಗಳು ಒಂದರ ಪಕ್ಕ ಒಂದು ಇರುತ್ತವೆ, ಹೊರ ಅಂಚುಗಳು ಆಚೀಚೆ ಉಬ್ಬಿರುತ್ತವೆ. ತಪ್ಪಿದ ಜೋಡಿಯಲ್ಲಿ ಮುಂತುದಿಗಳು ಒಂದನ್ನೊಂದು ಕಂಡರೆ ಆಗದವರ ಹಾಗೆ ಆಚೆ ಈಚೆ ತಿರುಗಿರುತ್ತವೆ. ಕೊಲ್ಹಾಪುರಿಯಲ್ಲಿ ಎರಡು ಉಂಗುರಗಳ ನಡುವಿನ ಅಂತರ ನೋಡಿ. ಉಂಗುರಗಳು ಹತ್ತಿರ ಇದ್ದರೆ ಸರಿ, ಹೊರ ಅಂಚಿಗೆ ಓಡಿಹೋಗಿದ್ದರೆ ಅದಲುಬದಲು.

ಪಕ್ಕದಿಂದ ತೆಗೆಯುವ ಚಿತ್ರದಲ್ಲಿ ಹೊರಬದಿ ಕಾಣಬೇಕು, ಅದಕ್ಕೆ ಎಡಗಾಲಿನ ಶೂನ ಮುಂತುದಿ ಚಿತ್ರದ ಎಡಕ್ಕೆ ತಿರುಗಿರಬೇಕು, ಬಲಗಾಲಿನದು ಬಲಕ್ಕೆ. ಎಡಗಾಲಿನದನ್ನು ಬಲಕ್ಕೆ ತಿರುಗಿಸಿದರೆ ಒಳಬದಿಯ ಕಮಾನು ಕಾಣುತ್ತದೆ. ಅಮೆಜಾನ್‌ನಲ್ಲಿ ಶೂನ ಮುಖ್ಯ ಚಿತ್ರಕ್ಕೆ ಒಂದೇ ಶೂ, 45 ಡಿಗ್ರಿ ಕೋನದಲ್ಲಿ, ಎಡಕ್ಕೆ ಮುಖ ಮಾಡಿರಬೇಕು ಅನ್ನುವ ನಿಯಮ ಇದೆ. ಅಂದರೆ ಅಲ್ಲಿಗೆ ಕೊಡಬೇಕಾದ್ದು ಎಡಗಾಲಿನ ಶೂ. ಕೈಗೆ ಬಲಗಾಲಿನದು ಸಿಕ್ಕಿತು ಅಂತ ಅದನ್ನೇ ಎಡಕ್ಕೆ ತಿರುಗಿಸಿ ತೆಗೆದರೆ ನಿಯಮ ಪಾಲಿಸಿದ ಹಾಗೆ ಕಾಣುತ್ತದೆ, ತೋರಿಸಿದ್ದು ಮಾತ್ರ ಶೂನ ಒಳಬದಿ. ಜೋಡಿಯನ್ನು ಎಡಕ್ಕೆ ಮುಖ ಮಾಡಿ ಪಕ್ಕದಿಂದ ತೆಗೆಯುವಾಗಲೂ ಇದೇ ಲೆಕ್ಕ: ಕ್ಯಾಮೆರಾಕ್ಕೆ ಹತ್ತಿರ ಎಡಗಾಲಿನದು, ಅದರ ಹಿಂದೆ ತುಸು ಮುಂದಕ್ಕೆ ಸರಿದು ಬಲಗಾಲಿನದು.

ಅಟ್ಟೆ ತೋರಿಸುವ ಚಿತ್ರದಲ್ಲಿ ಎಲ್ಲ ತಲೆಕೆಳಗು. ಎಡಗಾಲಿನ ಶೂ ಮಗುಚಿದರೆ ಅದರ ಆಕಾರ ಬಲಗಾಲಿನದರ ಹಾಗೆ ಕಾಣುತ್ತದೆ. ಅದು ತಪ್ಪಲ್ಲ, ಹಾಗೇ ಕಾಣಬೇಕು. ತಪ್ಪಾಗಿದೆ ಅಂದುಕೊಂಡು ಎಡಿಟ್ ಮಾಡುವವರು ಚಿತ್ರವನ್ನು ತಿರುಗಿಸಿಬಿಡುತ್ತಾರೆ. ಅದಕ್ಕೇ ಫೈಲಿನ ಹೆಸರಲ್ಲಿ ಎಡ ಬಲ ಇರಲಿ ಅಂದದ್ದು.

ಇನ್ನು ಕನ್ನಡಿ ತಿರುಗಿಸುವ ಆಸೆ. ಒಂದೇ ಶೂ ತೆಗೆದು, ಕಂಪ್ಯೂಟರ್‌ನಲ್ಲಿ ತಿರುಗಿಸಿ, ಪಕ್ಕಕ್ಕೆ ಅಂಟಿಸಿ ಜೋಡಿ ಮಾಡಿದರೆ ಅರ್ಧ ಕೆಲಸ ಉಳಿಯಿತು ಅನ್ನಿಸುತ್ತದೆ. ಆಕಾರ ಸರಿಯಾಗಿಯೇ ಬರುತ್ತದೆ, ಸಿಕ್ಕಿಬೀಳುವುದು ಬೇರೆ ಕಡೆ. ಒಳಗಿನ ಹೆಸರಿನ ಮುದ್ರೆ, ನಂಬರು ಉಲ್ಟಾ ಆಗುತ್ತವೆ. ಒಂದರ ನೆರಳು ಎಡಕ್ಕೆ, ಇನ್ನೊಂದರದು ಬಲಕ್ಕೆ ಬೀಳುತ್ತದೆ. ಚರ್ಮದ ಒಂದೇ ಮಚ್ಚೆ ಎರಡರಲ್ಲೂ ಕನ್ನಡಿಯಲ್ಲಿ ನೋಡಿದ ಹಾಗೆ ಇರುತ್ತದೆ. ಕೈ ಹೊಲಿಗೆಯ ಮಾಲಿನಲ್ಲಿ ಇದು ಇನ್ನೂ ಬೇಗ ಗೊತ್ತಾಗುತ್ತದೆ, ಯಾಕೆಂದರೆ ಕೈಯಲ್ಲಿ ಹೊಲಿದ ಎರಡು ಚಪ್ಪಲಿಯ ಒಂದೊಂದು ಹೊಲಿಗೆಯೂ ಅಷ್ಟು ತದ್ರೂಪ ಇರಲು ಸಾಧ್ಯವೇ ಇಲ್ಲ.

## ಹಂತ 6: ಮೊದಲು ಮೆತ್ತನೆ ಬೆಳಕಿನ ಚಿತ್ರಗಳು

ಹೊಲಿಗೆಯ ಚಿತ್ರ ಬೇರೆ, ಪೂರ್ತಿ ಶೂನ ಚಿತ್ರ ಬೇರೆ. ಎರಡನ್ನೂ ಒಂದೇ ಬೆಳಕಿನಲ್ಲಿ ಮುಗಿಸಲು ಹೋಗಬೇಡಿ.

ಪೂರ್ತಿ ಚಿತ್ರಕ್ಕೆ ಒಂದು ದೀಪವನ್ನು ಪಕ್ಕದಲ್ಲಿ, ಸ್ವಲ್ಪ ಮೇಲೆ ಇಟ್ಟು, ದೀಪಕ್ಕೂ ಶೂಗೂ ನಡುವೆ ಟ್ರೇಸಿಂಗ್ ಪೇಪರ್ ಹಿಡಿದು ನಿಲ್ಲಿಸಿ. ಇನ್ನೊಂದು ಬದಿಗೆ ಥರ್ಮೋಕೋಲ್. ಹಿನ್ನೆಲೆಗೆ ಎರಡನೇ ದೀಪ. ಕಪ್ಪು ಮೆರುಗಿನ ಚರ್ಮ ಒಂದು ಕನ್ನಡಿ ಇದ್ದ ಹಾಗೆ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ದೀಪದ ಬಲ್ಬು ಎದುರಿಗಿದ್ದರೆ ಬಿಳಿ ಚುಕ್ಕೆ. ದೊಡ್ಡ ಬಿಳಿ ಕಾಗದ ಎದುರಿಗಿದ್ದರೆ ಮುಂಭಾಗದ ಮೇಲೆ ನಯವಾದ ಅಗಲ ಹೊಳಪು. ನೀವು ಬಿಳಿ ಅಂಗಿ ಹಾಕಿ ನಿಂತಿದ್ದರೆ ನೀವೂ ಬರುತ್ತೀರಿ. ನಾನು ಶೂ ತೆಗೆಯುವ ದಿನ ಕಪ್ಪು ಟೀ ಶರ್ಟ್ ಹಾಕುತ್ತೇನೆ.

ಕ್ಯಾಮೆರಾದಲ್ಲಿ ಮ್ಯಾನುಯಲ್ ಇಟ್ಟು, ISO 100, f/11 ಇಂದ ಶುರು ಮಾಡಿ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿ ಕೆಳಗೆ ಶಟರ್ 1/100 ಅಥವಾ 1/50 ಇರಲಿ, ಟ್ರೈಪಾಡ್ ಇರುವುದರಿಂದ ಇನ್ನೂ ನಿಧಾನವಾದರೂ ಸರಿ. ವೇಗ ಹೆಚ್ಚಿದರೆ ಚಿತ್ರದಲ್ಲಿ ಅಡ್ಡ ಪಟ್ಟೆ ಬರಬಹುದು. ಎರಡು ಸೆಕೆಂಡಿನ ಟೈಮರ್ ಹಾಕಿ, ಬೆರಳು ಒತ್ತಿದ ಅಲುಗಾಟವೂ ಹೊಲಿಗೆಯನ್ನು ಅಳಿಸುತ್ತದೆ. ಫೋನಿನಲ್ಲಾದರೆ ಶೂ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ಸನ್ನೂ ಬೆಳಕನ್ನೂ ಲಾಕ್ ಮಾಡಿ, ಆಮೇಲೆ ಬೆಳಕಿನ ಗೀಟನ್ನು ಜಾರಿಸಿ ಸರಿಮಾಡಿ. ಲಾಕ್ ಮಾಡದೆ ಬಿಟ್ಟರೆ ಬಿಳಿ ಹಿನ್ನೆಲೆ ನೋಡಿ ಫೋನು ಹೆದರಿ ಎಲ್ಲವನ್ನೂ ಕತ್ತಲು ಮಾಡುತ್ತದೆ, ಆಗ ಕಪ್ಪು ಶೂ ಇದ್ದಿಲಿನ ತುಂಡು.

ಪ್ರತಿ ಜೋಡಿಗೂ ಹೊರಬದಿ, ಮುಂದಿನಿಂದ ಜೋಡಿ, ಮೇಲಿನಿಂದ ಜೋಡಿ, ಹಿಮ್ಮಡಿ, ಅಟ್ಟೆ. ಐದು ಚಿತ್ರ ಆದ ಮೇಲೆ ಮಾತ್ರ ಬೆಳಕು ಬದಲಿಸಿ.

## ಹಂತ 7: ಹೊಲಿಗೆ ಕಾಣುವ ಬೆಳಕು

ಒಂದು ಸಣ್ಣ ಪ್ರಯೋಗ ಮಾಡಿ. ಕೋಣೆ ಕತ್ತಲು ಮಾಡಿ, ಫೋನಿನ ಟಾರ್ಚನ್ನು ಕ್ಯಾಮೆರಾ ಪಕ್ಕದಿಂದ ನೇರವಾಗಿ ಶೂನ ಅಡ್ಡ ಹೊಲಿಗೆಗೆ ಹಿಡಿಯಿರಿ. ಕಪ್ಪು ಚರ್ಮದ ಮೇಲಿನ ಕಪ್ಪು ದಾರ ಕಾಣುವುದೇ ಇಲ್ಲ. ಈಗ ಟಾರ್ಚನ್ನು ಇಳಿಸುತ್ತಾ ಬನ್ನಿ, ಚರ್ಮಕ್ಕೆ ತಾಗಿಯೂ ತಾಗದ ಹಾಗೆ. ಒಂದು ಹಂತದಲ್ಲಿ ಪ್ರತಿ ಹೊಲಿಗೆಯೂ ಅಕ್ಕಿಕಾಳಿನ ಹಾಗೆ ಎದ್ದು ನಿಲ್ಲುತ್ತದೆ, ಸೂಜಿ ತೂರಿದ ತೂತುಗಳಲ್ಲಿ ನೆರಳು ತುಂಬುತ್ತದೆ. ದಾರಕ್ಕೂ ಚರ್ಮಕ್ಕೂ ಬಣ್ಣದಲ್ಲಿ ವ್ಯತ್ಯಾಸ ಇಲ್ಲದಿದ್ದಾಗ ಹೊಲಿಗೆಯನ್ನು ತೋರಿಸುವುದು ಅದರ ನೆರಳು. ನೇರ ಬೆಳಕಿನಲ್ಲಿ ಆ ನೆರಳೇ ಹುಟ್ಟುವುದಿಲ್ಲ.

ಹಾಗಾಗಿ ಹೊಲಿಗೆಯ ಚಿತ್ರಕ್ಕೆ ಟ್ರೇಸಿಂಗ್ ಪೇಪರ್ ತೆಗೆಯಿರಿ ಅಥವಾ ಅರ್ಧ ಮುಚ್ಚಿ. ದೀಪವನ್ನು ಚರ್ಮದ ಮಟ್ಟಕ್ಕೆ 15-20 ಡಿಗ್ರಿಯಷ್ಟು ತಗ್ಗಿಸಿ. ಎದುರು ಬದಿಯ ಥರ್ಮೋಕೋಲ್ ಎತ್ತಿ ಕಪ್ಪು ಚಾರ್ಟ್ ನಿಲ್ಲಿಸಿ, ಇಲ್ಲದಿದ್ದರೆ ಅಲ್ಲಿಂದ ಮರಳಿ ಬಂದ ಬೆಳಕು ನೆರಳನ್ನು ತೊಳೆದುಬಿಡುತ್ತದೆ.

ಬೆಳಕು ಯಾವ ದಿಕ್ಕಿನಿಂದ ಬರಬೇಕು ಅನ್ನುವುದು ಏನು ತೋರಿಸಬೇಕು ಅನ್ನುವುದರ ಮೇಲೆ ನಿಂತಿದೆ. ಸಾಲಿನ ಉದ್ದಕ್ಕೆ ಬೆಳಕು ಹರಿದರೆ ಒಂದು ಹೊಲಿಗೆಯ ನೆರಳು ಮುಂದಿನ ಸಂದಿಗೆ ಬಿದ್ದು ಹೊಲಿಗೆಗಳನ್ನು ಬಿಡಿಬಿಡಿಯಾಗಿ ಎಣಿಸಬಹುದು. ಸಾಲಿಗೆ ಅಡ್ಡವಾಗಿ ಬಂದರೆ ಇಡೀ ಸಾಲು ಒಂದು ಗೆರೆಯಾಗಿ ಏಳುತ್ತದೆ, ಬಿಡಿ ಹೊಲಿಗೆ ಅಷ್ಟು ಕಾಣುವುದಿಲ್ಲ. ನಮ್ಮ ಶೂನ ಮುಂಭಾಗದ ಹೊಲಿಗೆ ಎಡದಿಂದ ಬಲಕ್ಕೆ ಹೋಗುತ್ತದೆ, ಅದಕ್ಕೆ ದೀಪ ಶೂನ ಪಕ್ಕದಲ್ಲಿ. ಅಟ್ಟೆಯ ಅಂಚಿನ ಹೊಲಿಗೆ ಶೂನ ಉದ್ದಕ್ಕೆ ಹೋಗುತ್ತದೆ, ಅದಕ್ಕೆ ದೀಪವನ್ನು ಮುಂತುದಿಯ ಕಡೆಗೆ ತನ್ನಿ. ದೀಪ ಕದಲಿಸದೆ ಎರಡೂ ಹೊಲಿಗೆ ಸಮ ಚೆನ್ನಾಗಿ ಬರಬೇಕು ಅಂದರೆ ಬರುವುದಿಲ್ಲ.

ಕೊಲ್ಹಾಪುರಿಯಲ್ಲಿ ಹೊಲಿಗೆ ದಾರದ್ದಲ್ಲ, ಚರ್ಮದ ಸಣ್ಣ ಎಳೆಯದ್ದು. ಸಾಂಪ್ರದಾಯಿಕ ಮಾಲಿಗೆ ಮೊಳೆ ಹೊಡೆಯುವುದಿಲ್ಲ. ಗೊತ್ತಿರುವ ಗಿರಾಕಿ ಮೊದಲು ಹುಡುಕುವುದು ಈ ಎಳೆಯನ್ನೇ, ಬರೀ ಅಂಟು ಹಾಕಿದ ನಕಲಿನಿಂದ ಅದನ್ನು ಬೇರೆ ಮಾಡಲು. ಈ ಎಳೆಗೆ ಅಗಲ ಇದೆ, ಹಾಗಾಗಿ ದೀಪ ಅಷ್ಟು ತಗ್ಗಿಸಬೇಕಾಗಿಲ್ಲ. 30 ಡಿಗ್ರಿ ಸಾಕು. ಜಾಸ್ತಿ ತಗ್ಗಿಸಿದರೆ ತೊಗಲಿನ ಪ್ರತಿ ಗೀರೂ ಗಾಯದ ಹಾಗೆ ಕಾಣುತ್ತದೆ. ಹೆಣೆದ ಜಡೆ ಪಟ್ಟಿಯಲ್ಲಿ ನೆರಳು ತೀರಾ ಕಪ್ಪಾಗಿ ಹೆಣಿಗೆ ಮುಚ್ಚಿಹೋದರೆ ದೀಪ ಜಾಸ್ತಿ ಇಳಿದಿದೆ ಅಂತ ತಿಳಿಯಿರಿ.

ಫೋಕಸ್ ವಿಷಯದಲ್ಲಿ ಒಂದು ಎಚ್ಚರಿಕೆ. ಒಂದೂವರೆ ಮೀಟರ್ ದೂರದಲ್ಲಿ f/11 ಇಟ್ಟರೆ ಹೆಚ್ಚುಕಡಿಮೆ ಇಡೀ ಶೂ ಚೂಪಾಗಿ ಬರುತ್ತದೆ. ಅದೇ ಲೆನ್ಸ್ ಹಿಡಿದು ನಲವತ್ತು ಸೆಂಟಿಮೀಟರ್‌ಗೆ ಬಂದರೆ ಚೂಪಾಗಿ ಉಳಿಯುವುದು ಎರಡು ಸೆಂಟಿಮೀಟರ್ ಆಸುಪಾಸು ಅಷ್ಟೇ. ಓರೆಯಾಗಿ ತೆಗೆದರೆ ಸಾಲಿನ ನಡುವಿನ ನಾಲ್ಕು ಹೊಲಿಗೆ ಚೂಪು, ಉಳಿದದ್ದು ಮಂಜು. ಹೊಲಿಗೆಯ ಸಾಲು ಕ್ಯಾಮೆರಾಕ್ಕೆ ಸಮಾನಾಂತರವಾಗಿ ಬರುವಂತೆ ಶೂ ಅನ್ನೇ ತಿರುಗಿಸಿ. ಫೋನು ತೀರಾ ಹತ್ತಿರ ಹೋದರೆ ತಾನೇ ಮ್ಯಾಕ್ರೋಗೆ ಹಾರಿ ಅಗಲ ಲೆನ್ಸ್ ಹಾಕಿಕೊಳ್ಳುತ್ತದೆ, ಆಗ ಫೋನಿನದೇ ನೆರಳು ಹೊಲಿಗೆ ಮೇಲೆ ಬೀಳುತ್ತದೆ. ಅರ್ಧ ಅಡಿ ಹಿಂದೆ ಬಂದು 2x ಹಾಕಿ.

## ಹಂತ 8: ಕಂಪ್ಯೂಟರ್‌ನಲ್ಲಿ ಮಾಡುವುದು, ಮಾಡಬಾರದ್ದು

ಹಿನ್ನೆಲೆಯನ್ನು ಶುದ್ಧ ಬಿಳಿ ಮಾಡಬೇಕು, ಅಂದರೆ RGB 255, 255, 255. ಅದಕ್ಕಾಗಿ ಇಡೀ ಚಿತ್ರದ ಬೆಳಕು ಏರಿಸಬೇಡಿ. ಅಟ್ಟೆಯ ಅಂಚಿನಲ್ಲಿ ಬಿಳಿ ದಾರದ ಹೊಲಿಗೆ ಇದ್ದರೆ ಅದೂ ಹಿನ್ನೆಲೆಯ ಜೊತೆ ಕರಗಿಹೋಗುತ್ತದೆ. ಕ್ಯಾಮೆರಾದಲ್ಲಿ ಹಿನ್ನೆಲೆ ತುಸು ಬೂದು ಇರಲಿ, ಆಮೇಲೆ ಶೂ ಬಿಟ್ಟು ಹಿನ್ನೆಲೆಯನ್ನು ಮಾತ್ರ ಆಯ್ದು ಬಿಳಿ ಮಾಡಿ. ಕೆಳಗಿನ ನೆರಳು ಸ್ವಲ್ಪ ಉಳಿಸಿ, ಪೂರ್ತಿ ಅಳಿಸಿದರೆ ಶೂ ಗಾಳಿಯಲ್ಲಿ ತೇಲುತ್ತದೆ.

ಚೂಪು ಮಾಡುವ ಸ್ಲೈಡರ್ ಎಳೆಯುವಾಗ ಚಿತ್ರವನ್ನು 100% ಗಾತ್ರದಲ್ಲಿ ನೋಡುತ್ತಿರಿ. ದಾರದ ಪಕ್ಕ ಬಿಳಿ ಗೆರೆ ಕಾಣಿಸಿಕೊಂಡರೆ ಅತಿಯಾಗಿದೆ, ಹಿಂದೆ ಬನ್ನಿ. ಚರ್ಮ ನಯ ಮಾಡುವ ಬ್ಯೂಟಿ ಫಿಲ್ಟರ್ ಹಾಕಿದರೆ ಏಳನೇ ಹಂತದಲ್ಲಿ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ. ಚಿತ್ರದ ಉದ್ದನೆಯ ಬದಿ ಕನಿಷ್ಠ 1,600 ಪಿಕ್ಸೆಲ್ ಇರಲಿ, ಗಿರಾಕಿ ಜೂಮ್ ಮಾಡಿದಾಗ ಹೊಲಿಗೆ ಕಾಣಬೇಕಲ್ಲ.

ಮೊನ್ನೆ ತೆಗೆದ ಒಂದು ಜೋಡಿಯ ಕತೆ ಹೇಳುತ್ತೇನೆ. 8 ನಂಬರಿನ ಕೊಲ್ಹಾಪುರಿ, ಟ್ಯಾನ್ ಬಣ್ಣ. ಹಗಲು ಬೆಳಕಿನಲ್ಲಿ ನೋಡಿದಾಗಲೇ ಬಲಗಾಲಿನದು ಒಂದು ಛಾಯೆ ಕಪ್ಪು. ಇನ್ನೊಂದು ಪೆಟ್ಟಿಗೆ ತೆರೆಸಿದೆ, ಅದು ಸರಿಯಿತ್ತು. ಅಟ್ಟೆ ನೇರ ಇದ್ದದ್ದರಿಂದ ಉಂಗುರ ನೋಡಿ ಚೀಟಿ ಅಂಟಿಸಿದೆ, ಪಟ್ಟಿಯ ಕೆಳಗೆ ಹಾಳೆ ತೂರಿಸಿದೆ. ಮುಂದಿನಿಂದ ತೆಗೆದ ಮೊದಲ ಚಿತ್ರದಲ್ಲಿ ಏನೋ ಕಸಿವಿಸಿ. ನೋಡಿದರೆ ಎರಡು ಉಂಗುರವೂ ಹೊರ ಅಂಚಿಗೆ ಓಡಿದ್ದವು. ಇಷ್ಟೆಲ್ಲ ಬರೆಯುವ ನನ್ನ ಕೈಯೇ ಎಡದ್ದನ್ನು ಎಡಕ್ಕೆ ಇಟ್ಟಿತ್ತು. ಚಪ್ಪಲಿ ಮಗುಚಿ ಚೀಟಿ ಓದಿ ಅದಲುಬದಲು ಮಾಡಿದೆ. ಚೀಟಿ ಇಲ್ಲದಿದ್ದರೆ ಅಲ್ಲಿ ನಿಂತು ಮತ್ತೆ ಹತ್ತು ನಿಮಿಷ ವಾದ ಮಾಡಬೇಕಿತ್ತು, ಅದೂ ನನ್ನ ಜೊತೆಗೇ. ಆರನೇ ಚಿತ್ರಕ್ಕೆ ದೀಪ ತಗ್ಗಿಸಿದಾಗ ಹಿಮ್ಮಡಿಯ ಹತ್ತಿರ ಒಂದು ಚರ್ಮದ ಎಳೆ ಸಡಿಲ ಇದ್ದದ್ದು ಕಾಣಿಸಿತು, ಮೆತ್ತನೆ ಬೆಳಕಿನ ಐದು ಚಿತ್ರದಲ್ಲೂ ಅದು ಕಂಡಿರಲಿಲ್ಲ. ಅಂಗಡಿಯವರು ಆ ಜೋಡಿಯನ್ನು ಹೊಲಿದವರಿಗೇ ವಾಪಸ್ ಕಳಿಸಿದರು. ನಾನು ಮೂರನೇ ಪೆಟ್ಟಿಗೆ ತೆರೆಸಿ ಒಂದನೇ ಹಂತದಿಂದ ಮತ್ತೆ ಶುರು ಮಾಡಿದೆ.